ಡೀಲರ್‌ಗಳಿಗೆ ಹೊಸ ಮಾಲಿನ ರೇಟು ಕಳಿಸುವಾಗ

ಹೊಸ ಮಿಕ್ಸರ್ ಮಾಡೆಲ್ ಬಂದಿದೆ ಅಂತ ಹಳೇ ಡೀಲರ್‌ಗಳಿಗೆ ತಿಳಿಸುವಾಗ ಎಂಆರ್‌ಪಿ ಮೇಲೆ ಇಷ್ಟು ಪರ್ಸೆಂಟ್ ಡಿಸ್ಕೌಂಟ್ ಅಂತ ಬರೆಯಬೇಡಿ, ಒಂದು ಪೀಸಿಗೆ ಕೈಯಲ್ಲಿ ಎಷ್ಟು ಉಳಿಯುತ್ತೆ ಅಂತ ಬರೆಯಿರಿ. ಉದಾಹರಣೆಗೆ ಡೀಲರ್ ರೇಟು 2,500 ರೂಪಾಯಿ, 18% ಜಿಎಸ್‌ಟಿ ಸೇರಿ 2,950. ಗಿರಾಕಿಗೆ ಜಿಎಸ್‌ಟಿ ಸೇರಿ 3,540ಕ್ಕೆ ಮಾರಿದರೆ ಉಳಿಯೋದು 590 ಅಲ್ಲ, 500. ಮಿಕ್ಕ 90 ತೆರಿಗೆಗೆ ಹೋಗುತ್ತೆ. ಅಂಗಡಿಯವರು ಆರ್ಡರ್ ಕೊಡೋದು ಈ 500 ನೋಡಿಯೇ. ಅದರ ಕೆಳಗೇ ಮಾಲು ಗೋಡೌನ್‌ನಿಂದ ಹೊರಡುವ ತಾರೀಖು, ಜಾರ್ ಮತ್ತು ಕಪ್ಲರ್ ಸಿಗುವ ಸರ್ವಿಸ್ ಸೆಂಟರ್ ನಂಬರ್ ಹಾಕಿ. ಕಪ್ಲರ್ ಸಿಗದಿದ್ದರೆ ಗಿರಾಕಿ ಬಂದು ಬೈಯೋದು ಅಂಗಡಿಯವರನ್ನೇ ಅಲ್ವಾ? ಕಂಪೋಸಿಷನ್ ಸ್ಕೀಮಿನಲ್ಲಿರೋ ಡೀಲರ್‌ಗೆ ಮಾತ್ರ ಈ ಲೆಕ್ಕ ಹೊಂದಲ್ಲ. ಅವರಿಗೆ ಇನ್‌ಪುಟ್ ಕ್ರೆಡಿಟ್ ಸಿಗೋದಿಲ್ಲ, ಬೇರೆ ಲೆಕ್ಕ ಮಾಡಿ ಕಳಿಸಿ.