ಶೇ. 8 ಅಂತ ತೆಗೆದುಕೊಂಡ ಸಾಲ, ಅರ್ಧದಲ್ಲಿ ತೀರಿಸಲು ಹೋದಾಗ ಕಂಡ ಲೆಕ್ಕ

ಮೂರು ವರ್ಷದ ಸಾಲ. 36 ಕಂತು. ಸರಿಯಾಗಿ 18 ಕಂತು ಕಟ್ಟಿದ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಸೇರಿತ್ತು, ಉಳಿದಿದ್ದನ್ನು ಒಂದೇ ಸಲ ಕಟ್ಟಿ ಮುಗಿಸೋಣ ಅಂತ ಸಾಲ ಕೊಟ್ಟವರ ಕಚೇರಿಗೆ ಹೋದೆ. ನನ್ನ ಲೆಕ್ಕ ಬಹಳ ಸರಳವಾಗಿತ್ತು. ತೆಗೆದುಕೊಂಡಿದ್ದು ಒಂದು ಲಕ್ಷ, ಅರ್ಧ ಅವಧಿ ಮುಗಿದಿದೆ, ಹಾಗಾದರೆ ಇನ್ನು 50,000 ಅಸಲು ಬಾಕಿ ಇರಬೇಕು ಅಲ್ವಾ?

ಅವರು ಕೊಟ್ಟ ಚೀಟಿಯಲ್ಲಿ 55,838 ಅಂತ ಇತ್ತು. ದಂಡ ಬೇರೆ ಇಲ್ಲ, ಇದು ಬರೀ ಬಾಕಿ. ನಾನು ಕೇಳಿದೆ, ಅವರು ಶಾಂತವಾಗಿಯೇ ಹೇಳಿದರು: "ಸರ್, ಮೊದಲ ಕಂತುಗಳಲ್ಲಿ ಬಡ್ಡಿ ಜಾಸ್ತಿ ಹೋಗಿರುತ್ತೆ, ಅಸಲು ಕಮ್ಮಿ." ಆದರೆ ಸಾಲ ಕೊಡುವಾಗ ಇದೇ ಜಾಗದಲ್ಲಿ ಹೇಳಿದ್ದು ಬೇರೆ. ಶೇ. 8 ಫ್ಲಾಟ್, ವರ್ಷಕ್ಕೆ 8,000, ಮೂರು ವರ್ಷಕ್ಕೆ 24,000, ಒಟ್ಟು 1,24,000, ಅದನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 3,444. ಎಲ್ಲ ತಿಂಗಳಿಗೂ ಒಂದೇ ಬಡ್ಡಿ, 667 ಅಂತಲೇ ನನ್ನ ಮನಸ್ಸಿನಲ್ಲಿ ಕೂತಿತ್ತು.

ಅವತ್ತು ದುಡ್ಡು ಕಟ್ಟದೆ ಮನೆಗೆ ಬಂದೆ. ಎರಡು ಸಂಜೆ ಕೂತು ಲೆಕ್ಕ ಬಿಡಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಶೇ. 8 ಅನ್ನೋದು ಯಾಕೆ ಶೇ. 8 ಅಲ್ಲ ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ಆಗಲೇ.

ಮೊದಲು ನೋಡಬೇಕಾದ್ದು ಬಡ್ಡಿಯನ್ನು ಯಾವ ಮೊತ್ತದ ಮೇಲೆ ಹಾಕುತ್ತಾರೆ ಅನ್ನೋದು. ಫ್ಲಾಟ್ ಅಂದರೆ ಮೊದಲ ದಿನ ತೆಗೆದುಕೊಂಡ ಪೂರ್ತಿ ಒಂದು ಲಕ್ಷದ ಮೇಲೆ, ಮೂರು ವರ್ಷವೂ. ಆದರೆ ಆ ಒಂದು ಲಕ್ಷ ನನ್ನ ಹತ್ತಿರ ಇದ್ದದ್ದು ಮೊದಲ ತಿಂಗಳು ಮಾತ್ರ. ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು ವಾಪಸ್ ಹೋಗುತ್ತಲೇ ಇತ್ತು. ಕೊನೆಯ ತಿಂಗಳು ನೋಡಿ: ಸಮವಾಗಿ ಹಂಚಿದ ಲೆಕ್ಕದಲ್ಲಿ ಆಗ ನನ್ನ ಬಳಿ ಉಳಿದಿರುವ ಅಸಲು 2,778, ಅದಕ್ಕೆ ನಾನು ಕೊಡುವ ಬಡ್ಡಿ 667. ಒಂದೇ ತಿಂಗಳಿಗೆ ಶೇ. 24! ನಾನು ಯಾವಾಗಲೋ ವಾಪಸ್ ಕೊಟ್ಟ ದುಡ್ಡಿಗೂ ಬಡ್ಡಿ ಕಟ್ಟುತ್ತಾ ಇದ್ದೆ ಅಂತ ಆಗ ಹೊಳೆಯಿತು.

ರೆಡ್ಯೂಸಿಂಗ್ ಬ್ಯಾಲೆನ್ಸ್ ಅಂದರೆ ಇದರ ಉಲ್ಟಾ, ಆ ತಿಂಗಳು ಎಷ್ಟು ಬಾಕಿ ಇದೆಯೋ ಅದರ ಮೇಲೆ ಮಾತ್ರ ಬಡ್ಡಿ. ಅದೇ ಒಂದು ಲಕ್ಷವನ್ನು ಶೇ. 13 ರೆಡ್ಯೂಸಿಂಗ್‌ನಲ್ಲಿ 36 ತಿಂಗಳಿಗೆ ತೆಗೆದುಕೊಂಡರೆ ಕಂತು 3,369 ಬರುತ್ತದೆ. ಮೊದಲ ತಿಂಗಳ ಬಡ್ಡಿ 1,083, ಅಂದರೆ ಫ್ಲಾಟ್‌ಗಿಂತ ಜಾಸ್ತಿಯೇ. ಆದರೆ ಅದು ತಿಂಗಳು ತಿಂಗಳಿಗೆ ಇಳಿಯುತ್ತದೆ, ಕೊನೆಯ ಕಂತಿನಲ್ಲಿ ಬಡ್ಡಿ 36 ಮಾತ್ರ. ಮೂರು ವರ್ಷದ ಒಟ್ಟು ಬಡ್ಡಿ ಸುಮಾರು 21,300. ಫ್ಲಾಟ್‌ನಲ್ಲಿ ಅದು 24,000. ಶೇ. 13ರ ಸಾಲ ಶೇ. 8ರ ಸಾಲಕ್ಕಿಂತ ಅಗ್ಗ! ನಾನು ಇದನ್ನು ಮೂರು ಸಲ ಮಾಡಿ ನೋಡಿದೆ, ಎಲ್ಲೋ ತಪ್ಪು ಮಾಡಿದ್ದೀನಿ ಅಂತ.

ತಪ್ಪಿರಲಿಲ್ಲ. ಹಾಗಾದರೆ ನನ್ನ ಶೇ. 8 ಫ್ಲಾಟ್ ನಿಜವಾಗಿ ಎಷ್ಟು? ಇದಕ್ಕೆ ಕೈಲೆಕ್ಕ ಕಷ್ಟ, ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಸಾಲು ಸಾಕು:

```
=RATE(36,-3444,100000)*12
```

ಮೊದಲನೆಯದು ಕಂತುಗಳ ಸಂಖ್ಯೆ, ಎರಡನೆಯದು ಕಂತು, ಮೂರನೆಯದು ಕೈಗೆ ಬಂದ ಹಣ. ಕಂತು ನಮ್ಮ ಕೈಯಿಂದ ಹೋಗುವ ದುಡ್ಡು, ಅದಕ್ಕೆ ಮೈನಸ್ ಗುರುತು. ಅದನ್ನು ಮರೆತರೆ `#NUM!` ಅಂತ ಬರುತ್ತದೆ, ಹೆದರಬೇಡಿ. RATE ಕೊಡುವುದು ತಿಂಗಳ ದರ, ಅದಕ್ಕೇ 12ರಿಂದ ಗುಣಿಸುವುದು. ಇನ್ನೊಂದು ವಿಷಯ, ನನ್ನ ಶೀಟ್ ಮೊದಲು ಸುಮ್ನೆ 15% ಅಂತ ತೋರಿಸಿತು, ಸೆಲ್‌ನಲ್ಲಿ ದಶಮಾಂಶ ಎರಡು ಸ್ಥಾನ ಹೆಚ್ಚಿಸಿದ ಮೇಲೆ ಸರಿಯಾದ ಉತ್ತರ ಕಾಣಿಸಿತು: 14.54.

ಶೇ. 14.5. ಹೇಳಿದ್ದು ಶೇ. 8.

ಶೀಟ್ ಕೈಗೆ ಸಿಗದ ಹೊತ್ತಿನಲ್ಲಿ ನಾನು ಈಗ ಫ್ಲಾಟ್ ದರವನ್ನು 1.8ರಿಂದ ಗುಣಿಸುತ್ತೇನೆ. 8ಕ್ಕೆ 14.4 ಬರುತ್ತದೆ, ನಿಜಕ್ಕೆ ತುಂಬಾ ಹತ್ತಿರ. ಯಾಕೆ ಸುಮಾರು ಎರಡು ಪಟ್ಟು? ಕಂತು ಕಟ್ಟುತ್ತಾ ಹೋದ ಹಾಗೆ ನಮ್ಮ ಬಳಿ ಇರುವ ಸಾಲ ಪೂರ್ತಿಯಿಂದ ಸೊನ್ನೆಗೆ ಇಳಿಯುತ್ತದೆ, ಸರಾಸರಿ ನೋಡಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡು ಮಾತ್ರ ನಾವು ಬಳಸುತ್ತಿರುತ್ತೇವೆ. ಬಡ್ಡಿ ಮಾತ್ರ ಪೂರ್ತಿಗೆ ಕಟ್ಟುತ್ತೇವೆ. ಶೇ. 8 ಇದ್ದಾಗ ಒಂದು ವರ್ಷದಿಂದ ಐದು ವರ್ಷದವರೆಗೆ ಈ 1.8 ಚೆನ್ನಾಗಿ ನಡೆಯುತ್ತದೆ. ಐದು ವರ್ಷಕ್ಕೆ ನಿಜದ ದರ ಶೇ. 14.1 ಆಗುತ್ತದೆ, ಸ್ವಲ್ಪ ಕಮ್ಮಿ. ಫ್ಲಾಟ್ ದರವೇ ತುಂಬಾ ದೊಡ್ಡದಿದ್ದರೆ ಅಥವಾ ಅವಧಿ ಉದ್ದ ಇದ್ದರೆ ಇದನ್ನು ನಂಬಬೇಡಿ, RATE ಹಾಕಿಯೇ ನೋಡಿ. ಮತ್ತೆ ಇದು ತಿಂಗಳ ಕಂತಿನ ಸಾಲಕ್ಕೆ ಮಾತ್ರ. ಅಸಲು ಪೂರ್ತಿ ಕೊನೆಯಲ್ಲಿ ಒಂದೇ ಸಲ ಕೊಡುವ ಸಾಲವಾದರೆ ಬಾಕಿ ಇಳಿಯುವುದೇ ಇಲ್ಲ, ಅಲ್ಲಿ ಈ ಗುಣಾಕಾರಕ್ಕೆ ಅರ್ಥ ಇಲ್ಲ.

ಈಗ ಆ 55,838ಕ್ಕೆ ಬರೋಣ. ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ಮಾರನೇ ದಿನ ಮತ್ತೆ ಹೋಗಿ, ಬಾಕಿ ಹೇಗೆ ಲೆಕ್ಕ ಹಾಕಿದಿರಿ ಅಂತ ಬರೆದುಕೊಡಲು ಕೇಳಿದೆ. ಕೊಟ್ಟರು. ಅವರು ಬಳಸಿದ್ದು 78ರ ನಿಯಮ. 36 ತಿಂಗಳ ಸಾಲಕ್ಕೆ 1ರಿಂದ 36ರವರೆಗಿನ ಸಂಖ್ಯೆಗಳನ್ನು ಕೂಡಿಸುತ್ತಾರೆ, 666 ಬರುತ್ತದೆ. ಮೊದಲ ತಿಂಗಳಿಗೆ ಒಟ್ಟು ಬಡ್ಡಿಯ 666ರಲ್ಲಿ 36 ಪಾಲು, ಎರಡನೇ ತಿಂಗಳಿಗೆ 35 ಪಾಲು, ಹೀಗೆ ಇಳಿಯುತ್ತಾ ಕೊನೆಯ ತಿಂಗಳಿಗೆ 1 ಪಾಲು. (12 ತಿಂಗಳ ಸಾಲಕ್ಕೆ ಈ ಮೊತ್ತ 78 ಬರುತ್ತದೆ, ಹೆಸರು ಬಂದಿದ್ದು ಅದರಿಂದ.) ಉಳಿದ 18 ತಿಂಗಳ ಪಾಲು ಕೂಡಿಸಿದರೆ 171. ಹಾಗಾಗಿ 24,000ದಲ್ಲಿ ನನಗೆ ಬಿಟ್ಟುಕೊಡುವ ಬಡ್ಡಿ 6,162 ಮಾತ್ರ. ನಾನು 12,000 ಅಂದುಕೊಂಡಿದ್ದೆ. ಉಳಿದ 18 ಕಂತಿನ ಒಟ್ಟು 62,000, ಅದರಲ್ಲಿ 6,162 ಕಳೆದರೆ 55,838.

ನಾನು ಶೇ. 14.5ರ ರೆಡ್ಯೂಸಿಂಗ್ ಲೆಕ್ಕದಲ್ಲೂ ಬಾಕಿ ತೆಗೆದು ನೋಡಿದೆ. ಸುಮಾರು 55,400. ಅಂದರೆ ಅವರು ಕೇಳಿದ್ದು ಅದಕ್ಕಿಂತ 438 ಜಾಸ್ತಿ, ಅಷ್ಟೇ. ಇಲ್ಲಿ ನನಗೆ ಕಂಡಿದ್ದು ಇದು: ಸಾಲ ಮಾರುವಾಗ ಮಾತು ಫ್ಲಾಟ್‌ನಲ್ಲಿ, ತೀರಿಸಲು ಹೋದಾಗ ಲೆಕ್ಕ ಹೆಚ್ಚುಕಮ್ಮಿ ರೆಡ್ಯೂಸಿಂಗ್‌ನಲ್ಲಿ. ಸಾಲ ಮೊದಲಿನಿಂದಲೂ ಶೇ. 14.5ರದೇ ಆಗಿತ್ತು, ಶೇ. 8 ಅನ್ನೋದು ಅದನ್ನು ಹೇಳುವ ಒಂದು ರೀತಿ ಮಾತ್ರ. ಇದಕ್ಕಿಂತ ಕೆಟ್ಟ ಕರಾರೂ ಇರುತ್ತದೆ, ಉಳಿದ ಕಂತುಗಳ ಪೂರ್ತಿ ಬಡ್ಡಿ ಕೊಟ್ಟೇ ಮುಗಿಸಬೇಕು ಅನ್ನುವಂಥದ್ದು. ಆಗ ನಾನು 62,000 ಕಟ್ಟಬೇಕಿತ್ತು, ಬೇಗ ತೀರಿಸಿದ್ದರಿಂದ ಒಂದು ಪೈಸೆಯೂ ಉಳಿಯುತ್ತಿರಲಿಲ್ಲ. ಅಂಥ ಕರಾರು ಇದ್ದರೆ ಬೇಗ ಕಟ್ಟದೆ, ದುಡ್ಡನ್ನು ಹಾಗೇ ಇಟ್ಟುಕೊಂಡು ತಿಂಗಳು ತಿಂಗಳು ಕಟ್ಟೋದೇ ಲೇಸು.

ನಾನು 55,838 ಕಟ್ಟಿ ಮುಗಿಸಿದೆ.

ಎರಡು ವರ್ಷದ ನಂತರ ಮತ್ತೆ ಸಾಲ ಬೇಕಾಯಿತು. ಅದೇ ಒಂದು ಲಕ್ಷ, 36 ತಿಂಗಳು. ಎರಡು ಕಡೆ ಕೇಳಿದೆ. ಒಬ್ಬರು ಶೇ. 8 ಫ್ಲಾಟ್ ಅಂದರು, ಇನ್ನೊಬ್ಬರು ಶೇ. 13 ರೆಡ್ಯೂಸಿಂಗ್. ಈ ಸಲ ನಾನು ದರದ ಬಗ್ಗೆ ಮಾತೇ ಆಡಲಿಲ್ಲ. ಇಬ್ಬರಿಗೂ ಕೇಳಿದ್ದು ಮೂರೇ ಪ್ರಶ್ನೆ: ನನ್ನ ಕೈಗೆ ಎಷ್ಟು ಬರುತ್ತದೆ, ಎಷ್ಟು ಕಂತು ಕಟ್ಟಬೇಕು, ಪ್ರತಿ ಕಂತು ಎಷ್ಟು. ಮೊದಲ ಪ್ರಶ್ನೆಯಲ್ಲೇ ಬಹಳ ವಿಷಯ ಹೊರಗೆ ಬಂತು.

ಇಬ್ಬರೂ ಪ್ರೊಸೆಸಿಂಗ್ ಫೀ ಅಂತ ಶೇ. 2 ಮೊದಲೇ ಹಿಡಿದುಕೊಳ್ಳುತ್ತಿದ್ದರು, ಕೈಗೆ ಬರುವುದು 98,000. ಫ್ಲಾಟ್‌ನವರು ಜೊತೆಗೆ ಒಂದು ಕಂತನ್ನು ಮುಂಗಡವಾಗಿ ಕೇಳುತ್ತಿದ್ದರು. "ಅದು ನಿಮ್ಮದೇ ಕಂತು ಸರ್, ಹೇಗೂ ಕಟ್ಟಲೇಬೇಕಲ್ಲ" ಅಂದರು. ನಿಜ, ಕಟ್ಟಲೇಬೇಕು. ಆದರೆ ಸಾಲ ಕೈಗೆ ಬಂದ ದಿನವೇ ಕಟ್ಟಿದರೆ ಅಷ್ಟು ದುಡ್ಡು ನನಗೆ ಸಿಗಲೇ ಇಲ್ಲ ಅಂತಲೇ ಅರ್ಥ. ನನ್ನ ಕೈಯಲ್ಲಿ ಉಳಿಯುವುದು 94,556, ಕಟ್ಟಲು ಉಳಿಯುವುದು 35 ಕಂತು. ಹಾಗೇ ಹಾಕಿದೆ:

```
=RATE(35,-3444,94556)*12
=RATE(36,-3369,98000)*12
```

ಮೇಲಿನದು ಸುಮಾರು ಶೇ. 17. ಕೆಳಗಿನದು ಶೇ. 14.4. ಶೇ. 8 ಅಂತ ಶುರುವಾದದ್ದು ಫೀ ಮತ್ತು ಒಂದು ಮುಂಗಡ ಕಂತು ಸೇರಿ ಶೇ. 17ಕ್ಕೆ ಹೋಯಿತು. ಫ್ಲಾಟ್ ಅನ್ನೋದು ಒಂದೇ ಸಮಸ್ಯೆ ಅಂತ ಅಂದುಕೊಂಡಿದ್ದೆ ನಾನು, ಆದರೆ ಮೂರನೇ ಜಾಗಕ್ಕೆ ಒಂದು ಲಕ್ಷ ಅಂತಲೇ ಹಾಕಿದ್ದರೆ ಈ ಎರಡೂ ಕಾಣುತ್ತಲೇ ಇರಲಿಲ್ಲ. ರೆಡ್ಯೂಸಿಂಗ್ ಸಾಲದಲ್ಲೂ ಶೇ. 13 ಇದ್ದದ್ದು 14.4 ಆಯಿತಲ್ಲ, ಅದು ಪೂರ್ತಿ ಫೀಯ ಕೆಲಸ. ಅವಧಿ ಚಿಕ್ಕದಿದ್ದಷ್ಟೂ ಫೀಯ ಪೆಟ್ಟು ಜಾಸ್ತಿ, ಯಾಕೆಂದರೆ ಅದೇ 2,000 ಕಮ್ಮಿ ತಿಂಗಳುಗಳ ಮೇಲೆ ಹಂಚಿಹೋಗುತ್ತದೆ.

ಸ್ನೇಹಿತರೊಬ್ಬರು ಕೇಳಿದರು, ಇಷ್ಟೆಲ್ಲ ಯಾಕೆ, ಎರಡು ಕಂತು ನೋಡಿ ಕಮ್ಮಿ ಇರುವುದನ್ನು ಆರಿಸಿದರೆ ಸಾಕಲ್ಲ ಅಂತ. ಕೈಗೆ ಬರುವ ದುಡ್ಡೂ ತಿಂಗಳೂ ಎರಡರಲ್ಲೂ ಒಂದೇ ಇದ್ದರೆ ಸಾಕು, ಹೌದು. ಆದರೆ ಒಬ್ಬರು 36 ತಿಂಗಳು ಅನ್ನುತ್ತಾರೆ, ಇನ್ನೊಬ್ಬರು 48 ಅನ್ನುತ್ತಾರೆ, 48ರ ಕಂತು ಕಮ್ಮಿ ಕಾಣಲೇಬೇಕು. ಆಗ ಕಂತು ನೋಡಿ ಏನೂ ಗೊತ್ತಾಗಲ್ಲ.

ನಾನು ಶೇ. 13ರ ಸಾಲ ತೆಗೆದುಕೊಂಡೆ. ಸಹಿ ಹಾಕುವ ಮೊದಲು 36 ಸಾಲಿನ ಕಂತಿನ ಪಟ್ಟಿ ಕೇಳಿ ತೆಗೆದುಕೊಂಡೆ, ಪ್ರತಿ ತಿಂಗಳ ಬಡ್ಡಿ, ಅಸಲು, ಬಾಕಿ ಮೂರೂ ಬೇರೆ ಬೇರೆ ಕಾಲಂನಲ್ಲಿ. ಎರಡನೇ ತಿಂಗಳ ಬಡ್ಡಿ ಮೊದಲ ತಿಂಗಳಿಗಿಂತ ಕಮ್ಮಿ ಇದೆಯಾ ನೋಡಿದೆ: 1,083 ಆದ ಮೇಲೆ 1,059. 18ನೇ ಸಾಲಿನ ಬಾಕಿಯನ್ನೂ ಬೆರಳಿಟ್ಟು ನೋಡಿದೆ, 54,834 ಅಂತ ಇತ್ತು. ಈ ಸಲ ಮಧ್ಯದಲ್ಲಿ ತೀರಿಸಲು ಹೋದರೆ ಅವರು ಯಾವ ಸಂಖ್ಯೆ ಹೇಳುತ್ತಾರೆ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು.