ಬ್ರಿಟನ್‌ನಲ್ಲಿ ಕಾರು ಪ್ರಯಾಣ: ಪೆಟ್ರೋಲಿಗೆ ಎಷ್ಟಾಗುತ್ತದೆ?

ಊರಲ್ಲಿ ಈ ಲೆಕ್ಕ ಸುಲಭ. ಕಾರು ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತದೆ ಅಂದರೆ ಮುಗಿಯಿತು. ಇಲ್ಲಿ ರಸ್ತೆಯ ಫಲಕದಲ್ಲಿ ಮೈಲಿ, ಬಂಕ್‌ನಲ್ಲಿ ಲೀಟರ್, ಕಾರಿನ ಮೈಲೇಜ್ ಮಾತ್ರ ಗ್ಯಾಲನ್‌ನಲ್ಲಿ. ಹೊಸಬರಿಗೆ ಗೊಂದಲ ಆಗುವುದು ಇಲ್ಲೇ.

ಬ್ರಿಟನ್‌ನ ಒಂದು ಗ್ಯಾಲನ್ ಅಂದರೆ 4.546 ಲೀಟರ್. ಅಮೆರಿಕದ ಗ್ಯಾಲನ್ ಇದಕ್ಕಿಂತ ಚಿಕ್ಕದು, 3.785 ಲೀಟರ್. ಅಮೆರಿಕದವರಿಗಾಗಿ ಮಾಡಿದ ಕ್ಯಾಲ್ಕುಲೇಟರ್‌ಗೆ ಇಲ್ಲಿನ ಮೈಲೇಜ್ ಹಾಕಿದರೆ ಖರ್ಚು ನಿಜಕ್ಕಿಂತ ಕಡಿಮೆ ಬರುತ್ತದೆ. ನಮ್ಮ ಸಲಹೆ, ಗ್ಯಾಲನ್ನನ್ನೇ ಬಿಟ್ಟುಬಿಡಿ. ನಿಮ್ಮ ಕಾರು ಲೀಟರಿಗೆ ಎಷ್ಟು ಮೈಲಿ ಓಡುತ್ತದೆ ಅಂತ ನೀವೇ ನೋಡಿಕೊಳ್ಳಿ.

ಅದಕ್ಕೆ ಒಮ್ಮೆ ಆಟೋ ಕಟ್ ಆಗುವವರೆಗೆ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಇಲ್ಲಿ ಪೆಟ್ರೋಲ್ ನಾವೇ ಹಾಕಿಕೊಳ್ಳಬೇಕು, ಹಸಿರು ಪೈಪ್ ಪೆಟ್ರೋಲಿನದು, ಕಪ್ಪು ಡೀಸೆಲಿನದು. ಮುಂದಿನ ಸಲವೂ ಅದೇ ರೀತಿ ಫುಲ್ ಮಾಡಿ. ಮೀಟರ್ 310 ಮೈಲಿ ತೋರಿಸುತ್ತಿದೆ, ಈಗ 36 ಲೀಟರ್ ಹಿಡಿಯಿತು ಅಂದುಕೊಳ್ಳಿ. 310ನ್ನು 36ರಿಂದ ಭಾಗಿಸಿದರೆ ಲೀಟರಿಗೆ 8.6 ಮೈಲಿ. ಅಂದರೆ ಊರಿನ ಲೆಕ್ಕದಲ್ಲಿ ಸುಮಾರು 14 ಕಿಲೋಮೀಟರ್.

ಈಗ ಮ್ಯಾಂಚೆಸ್ಟರ್‌ನಿಂದ ಲಂಡನ್‌ಗೆ, ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ನೋಡಲು ಹೊರಟಿದ್ದೀರಿ. ಹೋಗಲು ಸುಮಾರು 200 ಮೈಲಿ, ಹೋಗಿಬರಲು 400. ಅದನ್ನು 8.6ರಿಂದ ಭಾಗಿಸಿದರೆ ಸುಮಾರು 46.5 ಲೀಟರ್ ಬೇಕು. ಇನ್ನು ಬೆಲೆ. ಬಂಕ್‌ನ ಫಲಕದಲ್ಲಿ 139.9 ಅಂತಿದ್ದರೆ ಅದು ಪೆನ್ಸ್, ಅಂದರೆ ಹೆಚ್ಚುಕಡಿಮೆ 1.40 ಪೌಂಡ್. ಗುಣಿಸಿದರೆ 65 ಪೌಂಡ್. ಬೆಲೆ ಬದಲಾಗುತ್ತಲೇ ಇರುತ್ತದೆ, ಹೊರಡುವ ದಿನದ್ದನ್ನೇ ಹಿಡಿಯಿರಿ.

ಇದೇ ಕಾರಿಗೆ ಕಂಪನಿಯವರು ಗ್ಯಾಲನ್‌ಗೆ 50 ಮೈಲಿ ಅಂತ ಬರೆದಿದ್ದರೆ, ಆ ಲೆಕ್ಕದಲ್ಲಿ ಖರ್ಚು 51 ಪೌಂಡ್ ಅಷ್ಟೇ. ಆ ಮೈಲೇಜ್ ಪರೀಕ್ಷೆಯಲ್ಲಿ ಬಂದದ್ದು. ಮನೆಮಂದಿ, ಲಗೇಜ್, ಚಳಿ, ಟ್ರಾಫಿಕ್ ಎಲ್ಲ ಸೇರಿದಾಗ ಅಷ್ಟು ಸಿಗುವುದು ಕಷ್ಟ. ನಿಮ್ಮ ಸ್ವಂತ ಅಳತೆಯಲ್ಲೂ ಒಂದು ವಿಷಯ ನೋಡಿ. ಅದು ಬರೀ ಸ್ಕೂಲು, ಅಂಗಡಿ ಅಂತ ಊರೊಳಗೆ ಓಡಿಸಿದ್ದರೆ ಮೋಟರ್‌ವೇ ಪ್ರಯಾಣಕ್ಕೆ ಹೊಂದುವುದಿಲ್ಲ. ಮೋಟರ್‌ವೇಯಲ್ಲಿ ಒಂದೇ ವೇಗದಲ್ಲಿ ಹೋದರೆ ಸಾಮಾನ್ಯವಾಗಿ ಜಾಸ್ತಿ ಮೈಲೇಜ್ ಸಿಗುತ್ತದೆ. ಆದರೆ ಕಾರಿನ ಮೇಲೆ ಲಗೇಜ್ ಬಾಕ್ಸ್ ಕಟ್ಟಿದರೆ ಗಾಳಿಯ ತಡೆಗೆ ಅದು ಮತ್ತೆ ಇಳಿಯುತ್ತದೆ. ಹಾಗಾಗಿ ಒಂದು ದೂರದ ಪ್ರಯಾಣದಲ್ಲಿ ಬೇರೆಯಾಗಿ ಅಳೆದಿಟ್ಟುಕೊಳ್ಳಿ.

ಹೊರಡುವ ಮುಂಚೆ ಸೂಪರ್‌ಮಾರ್ಕೆಟ್ ಬಂಕ್‌ನಲ್ಲೇ ಟ್ಯಾಂಕ್ ತುಂಬಿಸಿ. ಮೋಟರ್‌ವೇ ಪಕ್ಕದ ಬಂಕ್‌ಗಳಲ್ಲಿ ಬೆಲೆ ತುಂಬಾ ಜಾಸ್ತಿ. ಲೀಟರಿಗೆ 20 ಪೆನ್ಸ್ ವ್ಯತ್ಯಾಸವಿದ್ದರೂ ಈ ಪ್ರಯಾಣಕ್ಕೆ 9 ಪೌಂಡ್ ಹೆಚ್ಚಾಗುತ್ತದೆ. ಲಂಡನ್‌ನ ನಡುಭಾಗದಲ್ಲಿ ಕಾರು ಓಡಿಸಲು ಕಟ್ಟಬೇಕಾದ ಕಂಜೆಶನ್ ಚಾರ್ಜ್ ಮತ್ತು ಪಾರ್ಕಿಂಗ್ ಖರ್ಚು ಈ 65 ಪೌಂಡಿನಲ್ಲಿ ಸೇರಿಲ್ಲ, ಅವನ್ನು ಬೇರೆ ಹಿಡಿಯಿರಿ.