ಎಡಕ್ಕೆ ಮುಖ ಮಾಡಿದ ಸೈಕಲ್

ಜಯನಗರದಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇದೆ. ಸುತ್ತಲಿನ ಕಾಲೇಜುಗಳ ಹುಡುಗರು ಆನ್‌ಲೈನ್‌ನಲ್ಲಿ ಹಳೆಯ ಗೇರ್ ಸೈಕಲ್ ಕೊಂಡು ರಿಪೇರಿಗೆ ತರುತ್ತಾರೆ. ಮುಂಗಡ ಕಳುಹಿಸಿ ಸೈಕಲ್ಲೇ ಕೈಗೆ ಸಿಗದವರು ಬರಿಗೈಯಲ್ಲಿ ಬಂದು ಗೋಳು ತೋಡಿಕೊಳ್ಳುತ್ತಾರೆ. ಇದನ್ನೆಲ್ಲ ಅಂಗಡಿಯಲ್ಲೇ ನಿಂತು ಕೇಳಿಸಿಕೊಂಡಿದ್ದ ಉಪನ್ಯಾಸಕರೊಬ್ಬರು, "ನಮ್ಮ ಮಕ್ಕಳಿಗೆ ಹದಿನೈದು ನಿಮಿಷ ಮಾತಾಡಿ" ಎಂದು ಕರೆದರು. ಭಾಷಣ ನನಗೆ ಒಗ್ಗಿದ ಕೆಲಸವಲ್ಲ. ಹಾಗಾಗಿ ಒಂದೇ ಒಂದು ಫೋಟೊ ತೆಗೆದುಕೊಂಡು ಹೋದೆ.

ಅದು ನನ್ನ ಅಕ್ಕನ ಮಗನಿಗೆ ಬಂದಿದ್ದ ಫೋಟೊ. ಗೇರ್ ಸೈಕಲ್, ಬೆಲೆ 6,500 ರೂಪಾಯಿ. ಮಾರುವವನಿಗೆ ವರ್ಗವಾಗಿದೆಯಂತೆ, ನಾಳೆಯೇ ಹೊರಡಬೇಕಂತೆ, 2,000 ಕಳುಹಿಸಿದರೆ ಬೇರೆ ಯಾರಿಗೂ ಕೊಡುವುದಿಲ್ಲವಂತೆ. ಹುಡುಗ ಆ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದ್ದ. ಅದೇ ಜಾತಿಯ ಸೈಕಲ್‌ಗಳು ಸಾಲುಸಾಲಾಗಿ ಬಂದವು, ಅದೇ ಫೋಟೊ ಮಾತ್ರ ಎಲ್ಲೂ ಸಿಗಲಿಲ್ಲ. "ಅಂದಮೇಲೆ ಅಸಲಿಯೇ ಅಲ್ಲವೇ ಮಾವ?" ಎಂದು ಕೇಳಲು ಬಂದ.

ಪರದೆಯ ಮೇಲೆ ಫೋಟೊ ಹಾಕಿ, ಇದರಲ್ಲಿ ಏನು ತಪ್ಪಿದೆ ಎಂದು ಮಕ್ಕಳನ್ನು ಕೇಳಿದೆ. ಬೆಲೆ ಕಡಿಮೆಯಾಯಿತು ಎಂದರು, ಗೋಡೆ ಹೊಸದಾಗಿದೆ ಎಂದರು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಚೈನ್ ಎಡಗಡೆ ಇದೆ" ಎಂದಳು. ಅವಳು ದಿನಾ ಸೈಕಲ್ ತುಳಿಯುವವಳು, ಆಮೇಲೆ ಗೊತ್ತಾಯಿತು.

ಕೆಲವು ಬಿಎಂಎಕ್ಸ್ ಸೈಕಲ್‌ಗಳನ್ನು ಬಿಟ್ಟರೆ, ಸೀಟಿನ ಮೇಲೆ ಕೂತವರ ಬಲಗಾಲಿನ ಕಡೆಗೇ ಚೈನ್ ಇರುತ್ತದೆ. ಆದ್ದರಿಂದ ಚೈನ್ ಕಾಣುವ ಬದಿಯಿಂದ ತೆಗೆದ ಫೋಟೊದಲ್ಲಿ ಹ್ಯಾಂಡಲ್ ನಮ್ಮ ಬಲಕ್ಕೆ ಬರಬೇಕು. ಈ ಫೋಟೊದಲ್ಲಿ ಚೈನ್ ನಮ್ಮ ಕಡೆಗಿತ್ತು, ಹ್ಯಾಂಡಲ್ ಎಡಕ್ಕಿತ್ತು. ಯಾರದೋ ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದರು. ಹಾಗೆ ತಿರುಗಿಸಿದರೆ ಹುಡುಕಾಟದಲ್ಲಿ ಮೂಲ ಫೋಟೊ ಸಿಗುವುದು ಕಷ್ಟವಾಗುತ್ತದೆ. ಫ್ರೇಮಿನ ಮೇಲಿನ ಕಂಪನಿ ಹೆಸರು ಉಲ್ಟಾ ಕಾಣುತ್ತದೆಂದು ಅದನ್ನು ಮಸುಕು ಮಾಡಿದ್ದರು. ಚೈನ್ ಮಾತ್ರ ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಅಂದು ಅಂಗಡಿಯಲ್ಲಿ ಮಾಡಿದ್ದನ್ನೇ ಅವರ ಎದುರು ಮತ್ತೆ ಮಾಡಿದೆ. ಮೊಬೈಲಿನ ಗ್ಯಾಲರಿಯಲ್ಲೇ ಫೋಟೊವನ್ನು ಮರಳಿ ತಿರುಗಿಸಿ, ಸೈಕಲ್ಲನ್ನು ಬಿಟ್ಟು ಹಿಂದಿನ ಕಬ್ಬಿಣದ ಗೇಟು ಮತ್ತು ತುಳಸಿಕಟ್ಟೆಯನ್ನಷ್ಟೇ ಕತ್ತರಿಸಿ ಹುಡುಕಿದೆ. ಸೈಕಲ್ ಸಾವಿರ ಸಿಗುತ್ತದೆ, ಆ ಗೇಟು ಒಂದೇ. ಬೇರೆ ಊರಿನ ಹಳೆಯ ಜಾಹೀರಾತೊಂದು ಮೇಲೆ ಬಂತು. ಅದೇ ಗೇಟು, ಅದೇ ಸೈಕಲ್, ಹ್ಯಾಂಡಲ್ ಬಲಕ್ಕೆ.

ಹೀಗೆ ಸಿಕ್ಕರೆ ಮೋಸ ಖಚಿತ. ಸಿಗದಿದ್ದರೆ ಮಾತ್ರ ಏನೂ ಖಚಿತವಲ್ಲ. ವಾಟ್ಸಾಪ್ ಗುಂಪಿನಿಂದ ಕದ್ದ ಫೋಟೊ ಯಾವ ಹುಡುಕಾಟದಲ್ಲೂ ಬರುವುದಿಲ್ಲ. ಒಬ್ಬ ಹುಡುಗ, ಫೋಟೊದ ವಿವರದಲ್ಲಿ ದಿನಾಂಕ ಇರುತ್ತದಲ್ಲ ಎಂದ. ವಾಟ್ಸಾಪ್‌ನಲ್ಲಿ ಫೋಟೊವಾಗಿ ಬಂದದ್ದರಲ್ಲಿ ಕ್ಯಾಮೆರಾ ಬರೆದ ವಿವರ ಉಳಿದಿರುವುದಿಲ್ಲ, ನಿನಗೆ ಕಾಣುವುದು ನಿನ್ನ ಮೊಬೈಲಿಗೆ ಅದು ಬಂದ ದಿನ ಎಂದೆ.

ಅದಕ್ಕೇ ನಾನು ಹೊಸ ಫೋಟೊ ಕೇಳುತ್ತೇನೆ, ಅದೂ ಮೊದಲೇ ತೆಗೆದಿಟ್ಟಿರಲು ಸಾಧ್ಯವಿಲ್ಲದಂಥದ್ದು. ಸೀಟಿನ ಮೇಲೆ ಒಂದು ಚಮಚ ಇಟ್ಟು, ಎಡಗಡೆಯಿಂದ ಒಂದು. ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲ್ ಕೂಡುವ ಜಾಗದ ತಳದಲ್ಲಿ ಒತ್ತಿರುವ ಫ್ರೇಮ್ ನಂಬರಿನದು ಇನ್ನೊಂದು. ದಿನಾಂಕ ಬರೆದ ಚೀಟಿ ನನಗೆ ಸಾಲದು, ಈಗ ಅದನ್ನು ಫೋಟೊದೊಳಗೆ ಯಾರು ಬೇಕಾದರೂ ಸೇರಿಸುತ್ತಾರೆ. ಆಮೇಲೆ ವಿಡಿಯೊ ಕರೆಯಲ್ಲಿ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ ತೋರಿಸಲು ಹೇಳುತ್ತೇನೆ. ನಿಜವಾದ ಮಾಲೀಕ ಗೊಣಗಿಕೊಂಡಾದರೂ ಮಾಡುತ್ತಾನೆ. ನಮ್ಮ ಹುಡುಗನ ಮಾರಾಟಗಾರ ಚಮಚದ ಮಾತು ಬಂದೊಡನೆ, "ನಂಬಿಕೆ ಇಲ್ಲದವರ ಜೊತೆ ವ್ಯವಹಾರ ಮಾಡುವುದಿಲ್ಲ" ಎಂದು ಬರೆದು ನಮ್ಮ ನಂಬರ್ ಬ್ಲಾಕ್ ಮಾಡಿದ.

ಹಾಗೆಂದು ಚಮಚದ ಫೋಟೊ ಬಂದ ಕೂಡಲೇ ದುಡ್ಡು ಕಳುಹಿಸಬಾರದು. ಸೈಕಲ್ ಅವನ ಹತ್ತಿರ ಇದೆ ಎನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಅದು ಕದ್ದದ್ದೋ, ಮುರಿದದ್ದೋ ಎಂಬುದು ತಿಳಿಯುವುದಿಲ್ಲ. ನಾನೇ ಒಮ್ಮೆ ಎಲ್ಲ ಫೋಟೊ ತರಿಸಿಕೊಂಡು, ಮುಂಗಡ ಕೊಡದೆ ಯಲಹಂಕಕ್ಕೆ ಹೋಗಿದ್ದೆ. ಸೀಟಿನ ಕಂಬದ ಕೆಳಗೆ, ಬೆಸುಗೆ ಇರುವ ಜಾಗದಲ್ಲಿ, ಹೊಸ ಸ್ಟಿಕ್ಕರ್ ಇತ್ತು. ಉಗುರಿನಿಂದ ಅಂಚು ಎಬ್ಬಿಸಿದೆ, ಕೂದಲೆಳೆಯಷ್ಟು ಬಿರುಕು. ಮಾರುವವನೂ ಬಗ್ಗಿ ನೋಡಿ, ತಾನೂ ಅದನ್ನು ಹೀಗೇ ಕೊಂಡದ್ದು ಎಂದ. ಬರಿಗೈಯಲ್ಲಿ ಬಸ್ ಹತ್ತಿದೆ.